ಗೇಮ್ ಕಂಪನಿಯದ್ದು, ಮಾತು ನಿಮ್ಮದು: ಗೇಮಿಂಗ್ ಚಾನೆಲ್ ಉಳಿಯಬೇಕಾದರೆ ಕಾಮೆಂಟರಿ ಹೇಗಿರಬೇಕು?

ಹೈದರಾಬಾದ್: ಕಲಬುರಗಿಯ ಯುವಕನೊಬ್ಬ ಮಾದಾಪುರದ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಶಿಫ್ಟ್ ಮುಗಿಸಿ ಕೂಕಟ್‌ಪಲ್ಲಿಯ ಪಿಜಿಗೆ ಬಂದು, ರಾತ್ರಿ ಹತ್ತರ ನಂತರ ಕನ್ನಡದಲ್ಲಿ ಮಾತಾಡುತ್ತಾ ಗೇಮ್ ಆಡಿ ಯೂಟ್ಯೂಬ್‌ನಲ್ಲಿ ಲೈವ್ ಮಾಡುತ್ತಾನೆ. ವಾರದಲ್ಲಿ ಮೂರು ದಿನ ಜಿಟಿಎ 5, ಉಳಿದ ದಿನ ಬಿಜಿಎಂಐ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಮೂರು ಗಂಟೆಯ ವಿಡಿಯೋ ಮೇಲೆ ಕಾಪಿರೈಟ್ ಕ್ಲೇಮ್ ಬಂದಿದೆ. 'ದುಡ್ಡು ಕೊಟ್ಟು ಗೇಮ್ ಖರೀದಿಸಿದ್ದೇನೆ, ಆಡಿದ್ದೂ ನಾನೇ. ಮತ್ತೆ ಕ್ಲೇಮ್ ಯಾಕೆ?' ಎಂಬುದು ಅವನ ಪ್ರಶ್ನೆ.

ಗೇಮಿಂಗ್ ಚಾನೆಲ್ ಶುರು ಮಾಡುವ ಬಹುತೇಕರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಸ್ಟ್ರೀಮ್ ಮಾಡುವ ಹಕ್ಕು ಯಾರದ್ದು, ಅದರಲ್ಲಿ ಕಾಮೆಂಟರಿಯ ಪಾತ್ರವೇನು, ಒಂದೇ ಗೇಮ್ ಆಡುವ ಸಾವಿರಾರು ಚಾನೆಲ್‌ಗಳ ನಡುವೆ ಬೇರೆಯಾಗಿ ಕಾಣುವುದು ಹೇಗೆ? ಇಲ್ಲಿದೆ ವಿವರ.

ಖರೀದಿಸಿದ್ದು ಆಡುವ ಅನುಮತಿ ಮಾತ್ರ

ಗೇಮ್‌ಗೆ ದುಡ್ಡು ಕೊಟ್ಟಾಗ ನಿಮಗೆ ಸಿಗುವುದು ಅದನ್ನು ಆಡುವ ಅನುಮತಿ. ಪರದೆ ಮೇಲೆ ಕಾಣುವ ಪಾತ್ರಗಳು, ದೃಶ್ಯ, ಕಥೆ, ಸಂಗೀತ ಎಲ್ಲದರ ಹಕ್ಕುಸ್ವಾಮ್ಯ ಕಂಪನಿಯ ಬಳಿಯೇ ಇರುತ್ತದೆ. ಅದನ್ನು ಸಾರ್ವಜನಿಕರಿಗೆ ತೋರಿಸುವುದು ಬೇರೆಯದೇ ಹಕ್ಕು.

ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರ 52ನೇ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಸ್ವಂತಕ್ಕೆ ಬಳಸಲು, ಕೃತಿಯ ವಿಮರ್ಶೆ ಮಾಡಲು, ಪ್ರಚಲಿತ ಸುದ್ದಿ ಹೇಳಲು ಅದನ್ನು ನ್ಯಾಯಯುತವಾಗಿ ಬಳಸಬಹುದು. ಹೊಸ ಗೇಮ್‌ನ ಒಂದೆರಡು ನಿಮಿಷದ ದೃಶ್ಯ ತೋರಿಸಿ 'ಇಲ್ಲಿ ಚೆನ್ನಾಗಿದೆ, ಇಲ್ಲಿ ಸೋತಿದೆ' ಎಂದು ಹೇಳಿದರೆ ವಿಮರ್ಶೆ ಎಂದು ವಾದಿಸಲು ಜಾಗವಿದೆ. ನಾಲ್ಕು ಗಂಟೆ ಇಡೀ ಗೇಮ್ ಆಡಿ ತೋರಿಸಿ ಅದೂ ವಿಮರ್ಶೆಯೇ ಎನ್ನುವುದು ಕಷ್ಟ.

ಹಾಗಾದರೆ ಇಷ್ಟೊಂದು ಚಾನೆಲ್‌ಗಳು ಹೇಗೆ ನಡೆಯುತ್ತಿವೆ? ಕಂಪನಿಗಳು ಬಿಟ್ಟಿರುವುದರಿಂದ. ಜನ ನೋಡಿದಷ್ಟೂ ಗೇಮ್‌ಗೆ ಪ್ರಚಾರ ಸಿಗುತ್ತದೆ ಎಂಬ ಲೆಕ್ಕದಲ್ಲಿ ಹಲವು ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲೇ ವಿಡಿಯೋ ನಿಯಮ ಪ್ರಕಟಿಸಿವೆ. ಆ ಅನುಮತಿಗೆ ಷರತ್ತುಗಳೂ ಇರುತ್ತವೆ.

ಷರತ್ತಿನಲ್ಲೇ ಇದೆ ಕಾಮೆಂಟರಿ

ನಿಂಟೆಂಡೊ ಕಂಪನಿಯ ಉದಾಹರಣೆ ನೋಡಿ. ಒಂದು ಕಾಲದಲ್ಲಿ ತನ್ನ ಗೇಮ್‌ಗಳ ವಿಡಿಯೋ ಮೇಲೆ ಅದು ಬಿಗಿ ಹಿಡಿತ ಇಟ್ಟಿತ್ತು. 2015ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಜಾಹೀರಾತು ಹಣದ ಒಂದು ಪಾಲನ್ನು ತಾನೇ ಇಟ್ಟುಕೊಳ್ಳುತ್ತಿತ್ತು. 2018ರ ಕೊನೆಗೆ ಅದನ್ನು ನಿಲ್ಲಿಸಿ ಸರಳ ನಿಯಮ ತಂದಿತು. ವ್ಯಕ್ತಿಗಳು ವಿಡಿಯೋ ಮಾಡಬಹುದು, ಯೂಟ್ಯೂಬ್‌ನಂಥ ವೇದಿಕೆಗಳ ಅಧಿಕೃತ ವ್ಯವಸ್ಥೆಯ ಮೂಲಕ ಹಣವನ್ನೂ ಗಳಿಸಬಹುದು. ಆದರೆ ವಿಡಿಯೋದಲ್ಲಿ ನಿಮ್ಮ ಸ್ವಂತ ಸೃಜನಶೀಲತೆ ಮತ್ತು ಕಾಮೆಂಟರಿ ಇರಬೇಕು. ಗೇಮ್‌ನ ದೃಶ್ಯವನ್ನಷ್ಟೇ ನಕಲು ಮಾಡಿ ಹಾಕಲು ಅನುಮತಿ ಇಲ್ಲ.

ಯೂಟ್ಯೂಬ್ ಕೂಡ ಇದೇ ದಾರಿಯಲ್ಲಿದೆ. ಜಾಹೀರಾತು ಹಣ ಬರಲು 1,000 ಸಬ್‌ಸ್ಕ್ರೈಬರ್‌ಗಳು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು (ಶಾರ್ಟ್ಸ್‌ಗೆ ಬೇರೆ ಲೆಕ್ಕ). ಇಷ್ಟಾದ ಮಾತ್ರಕ್ಕೆ ಹಣ ಖಚಿತವಲ್ಲ. ನಂತರ ಚಾನೆಲ್ ಪರಿಶೀಲನೆ ಆಗುತ್ತದೆ. ಮಾತಿಲ್ಲದೆ ಗಂಟೆಗಟ್ಟಲೆ ಗೇಮ್ ಆಡುವುದನ್ನಷ್ಟೇ ತೋರಿಸುವ ವಿಡಿಯೋಗಳಿಗೆ ಹಣ ಸಿಗದೇ ಹೋಗಬಹುದು ಎಂದು ಯೂಟ್ಯೂಬ್ ತನ್ನ ನಿಯಮದಲ್ಲೇ ಹೇಳಿದೆ. ಸಬ್‌ಸ್ಕ್ರೈಬರ್ ಸಂಖ್ಯೆ ದಾಟಿದ ಮೇಲೂ ಅರ್ಜಿ ತಿರಸ್ಕೃತವಾಗಲು ಇದೂ ಒಂದು ಕಾರಣ.

ಕಥೆಯೇ ಜೀವಾಳವಾದ ಗೇಮ್ ಆದರೆ ಹುಷಾರು

ಎಲ್ಲ ಗೇಮ್‌ಗಳೂ ಒಂದೇ ಅಲ್ಲ. ಬಿಜಿಎಂಐನಲ್ಲಿ ಪ್ರತಿ ಪಂದ್ಯ ಬೇರೆ, ವಿಡಿಯೋ ನೋಡಿದವನಿಗೆ ತಾನೂ ಆಡಬೇಕು ಎನಿಸುತ್ತದೆ. ಓದುತ್ತಾ, ಆಯ್ಕೆ ಮಾಡುತ್ತಾ ಹೋಗುವ ಕಥೆಯ ಗೇಮ್‌ಗಳು ಹಾಗಲ್ಲ. ಕೊನೆವರೆಗೆ ವಿಡಿಯೋ ನೋಡಿದವನು ಗೇಮ್ ಯಾಕೆ ಖರೀದಿಸುತ್ತಾನೆ?

ಜಪಾನ್‌ನಲ್ಲಿ ಇದು ಕೋರ್ಟ್ ಮೆಟ್ಟಿಲೇರಿತು. ಸ್ಟೈನ್ಸ್ ಗೇಟ್ ಸರಣಿಯ ಗೇಮ್ ಒಂದನ್ನು ಅಂತ್ಯದವರೆಗೆ ಆಡಿದ ವಿಡಿಯೋವನ್ನು ಅನುಮತಿ ಇಲ್ಲದೆ ಹಾಕಿ, ಜಾಹೀರಾತು ಹಣ ಗಳಿಸಿದ ವ್ಯಕ್ತಿಯೊಬ್ಬನಿಗೆ ಸೆಂಡಾಯ್ ಜಿಲ್ಲಾ ನ್ಯಾಯಾಲಯ 2023ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷ ಜೈಲು ಮತ್ತು 10 ಲಕ್ಷ ಯೆನ್ ದಂಡ ವಿಧಿಸಿತು. ಜೈಲು ಶಿಕ್ಷೆಯನ್ನು ಐದು ವರ್ಷ ಅಮಾನತಿನಲ್ಲಿಟ್ಟಿತು. ಅನಿಮೆ ವಿಡಿಯೋಗಳ ಆರೋಪವೂ ಆ ಪ್ರಕರಣದಲ್ಲಿ ಸೇರಿತ್ತು. ಅದು ಜಪಾನ್ ಕಾನೂನು, ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕಂಪನಿಗಳಿಗೆ ಎಲ್ಲಿ ನೋವಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಹಾಗಾಗಿ ಕಥೆಯ ಗೇಮ್ ಆಡುವ ಮೊದಲು ಆ ಗೇಮ್‌ನ ಹೆಸರಿನ ಜೊತೆ ವಿಡಿಯೋ ನಿಯಮ ಎಂದು ಹುಡುಕಿ, ಯಾವ ಅಧ್ಯಾಯದವರೆಗೆ ತೋರಿಸಬಹುದು ಎಂದು ನೋಡಿಕೊಳ್ಳಬೇಕು.

ಕೊಟ್ಟ ಅನುಮತಿಯನ್ನು ಕಂಪನಿ ವಾಪಸ್ ಪಡೆಯುವ ಅಪಾಯವೂ ಉಂಟು. 2017ರಲ್ಲಿ ಪ್ಯೂಡಿಪೈ ಎಂದೇ ಹೆಸರಾದ ಯೂಟ್ಯೂಬರ್ ಬೇರೊಂದು ಗೇಮ್‌ನ ಲೈವ್‌ನಲ್ಲಿ ಜನಾಂಗೀಯ ನಿಂದನೆಯ ಪದ ಬಳಸಿದರು. ಫೈರ್‌ವಾಚ್ ಗೇಮ್ ಮಾಡಿದ ಕ್ಯಾಂಪೊ ಸ್ಯಾಂಟೊ ಸಂಸ್ಥೆ ಅದಕ್ಕೆ ಸಿಟ್ಟಾಗಿ, ಅವರ ಹಳೆಯ ಫೈರ್‌ವಾಚ್ ವಿಡಿಯೋ ಮೇಲೆ ಹಕ್ಕುಸ್ವಾಮ್ಯದ ದೂರು ಕೊಟ್ಟಿತು. ಫೈರ್‌ವಾಚ್ ವಿಡಿಯೋ ಮಾಡಬಹುದು ಎಂದು ಮೊದಲು ಹೇಳಿದ್ದೂ ಅದೇ ಸಂಸ್ಥೆ.

ಆ ಕ್ಲೇಮ್ ಬಂದಿದ್ದು ಎಲ್ಲಿಂದ?

ಈಗ ಕೂಕಟ್‌ಪಲ್ಲಿಯ ಯುವಕನ ವಿಚಾರಕ್ಕೆ ಬರೋಣ. ಕ್ಲೇಮ್ ತೆರೆದು ನೋಡಿದರೆ ಅದನ್ನು ಹಾಕಿದ್ದು ಗೇಮ್ ಕಂಪನಿಯಲ್ಲ, ಒಂದು ಮ್ಯೂಸಿಕ್ ಕಂಪನಿ. ಜಿಟಿಎ 5ರಲ್ಲಿ ಕಾರು ಹತ್ತಿದ ಕೂಡಲೇ ರೇಡಿಯೋದಲ್ಲಿ ನಿಜವಾದ ಗಾಯಕರ ಹಾಡುಗಳು ಬರುತ್ತವೆ. ಆ ಹಾಡುಗಳನ್ನು ಗೇಮ್ ಒಳಗೆ ಬಳಸಲು ಗೇಮ್ ಕಂಪನಿ ಅನುಮತಿ ಪಡೆದಿದೆ. ಅದನ್ನು ನಿಮ್ಮ ಚಾನೆಲ್‌ನಲ್ಲಿ ಕೇಳಿಸಲು ಆ ಅನುಮತಿ ಸಾಲದು. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ತಾನಾಗಿಯೇ ಗುರುತಿಸುತ್ತದೆ.

ಇಲ್ಲಿ ಗಾಬರಿಯಾಗುವ ಮುನ್ನ ಕ್ಲೇಮ್ ಮತ್ತು ಸ್ಟ್ರೈಕ್ ನಡುವಿನ ವ್ಯತ್ಯಾಸ ತಿಳಿಯಬೇಕು. ಕ್ಲೇಮ್ ಒಂದು ವಿಡಿಯೋಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಆ ವಿಡಿಯೋದ ಹಣ ಹಾಡಿನ ಮಾಲೀಕರಿಗೆ ಹೋಗುತ್ತದೆ ಅಥವಾ ವಿಡಿಯೋ ಕೆಲವೆಡೆ ಕಾಣುವುದಿಲ್ಲ, ಚಾನೆಲ್‌ಗೆ ಧಕ್ಕೆ ಇಲ್ಲ. ಮಾಲೀಕರು ಕಾನೂನು ಪ್ರಕಾರ ವಿಡಿಯೋ ತೆಗೆಸಿದರೆ ಬರುವುದು ಸ್ಟ್ರೈಕ್. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗಬಹುದು.

ಈ ಯುವಕನಿಗೆ ಬಂದಿದ್ದು ಕ್ಲೇಮ್. ವಾದ ಮಾಡಿ ಗೆಲ್ಲುವ ಪ್ರಕರಣವೂ ಅಲ್ಲ, ಹಾಡು ನಿಜವಾಗಿಯೂ ಬೇರೆಯವರದ್ದೇ. ಯೂಟ್ಯೂಬ್ ಸ್ಟುಡಿಯೋದಲ್ಲಿ Erase song ಆಯ್ಕೆ ಒತ್ತಿದರೆ ಹಾಡು ಮಾತ್ರ ಅಳಿಸಿ ಮಾತು ಉಳಿಸಲು ವ್ಯವಸ್ಥೆ ಪ್ರಯತ್ನಿಸುತ್ತದೆ. ಹಾಡು ಮತ್ತು ಮಾತು ಬಹಳ ಬೆರೆತಿದ್ದರೆ ಇದು ಕೈಕೊಡುತ್ತದೆ. ಆಗ ಆ ಭಾಗವನ್ನು ಮ್ಯೂಟ್ ಮಾಡಬೇಕು ಅಥವಾ ಕತ್ತರಿಸಬೇಕು, ಅಂದರೆ ಕಾಮೆಂಟರಿಯೂ ಹೋದಂತೆ.

ಅದಕ್ಕೇ ಮೊದಲೇ ಎಚ್ಚರ ವಹಿಸುವುದು ಲೇಸು. ಜಿಟಿಎಯಲ್ಲಿ ಕಾರಿನ ರೇಡಿಯೋ ಆಫ್ ಮಾಡಿ ಆಡಬಹುದು. ಸೈಬರ್‌ಪಂಕ್ 2077ರ ಸೆಟ್ಟಿಂಗ್ಸ್‌ನಲ್ಲಿ ಸ್ಟ್ರೀಮ್ ಮಾಡುವವರಿಗೆಂದೇ Disable copyrighted music ಎಂಬ ಆಯ್ಕೆ ಇದೆ. ರೆಕಾರ್ಡ್ ಮಾಡಲು ಒಬಿಎಸ್ ಬಳಸುವವರು ಮೈಕ್ ಒಂದು ಟ್ರ್ಯಾಕ್‌ಗೆ, ಗೇಮ್ ಶಬ್ದ ಇನ್ನೊಂದು ಟ್ರ್ಯಾಕ್‌ಗೆ ಹೋಗುವಂತೆ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ. ನಂತರ ಗೇಮ್ ಶಬ್ದ ತೆಗೆದರೂ ಮಾತು ಹಾಗೇ ಉಳಿಯುತ್ತದೆ, ಎಡಿಟ್ ಮಾಡಿ ಮತ್ತೆ ಹಾಕಬಹುದು.

ಎಲ್ಲರಂತೆ ಕೂಗಿದರೆ ಯಾರಿಗೂ ಕೇಳಿಸದು

ಹಕ್ಕಿನ ವಿಚಾರ ಬಗೆಹರಿದರೂ ದೊಡ್ಡ ಸಮಸ್ಯೆ ಉಳಿಯುತ್ತದೆ. ಅದೇ ಗೇಮ್, ಅದೇ ನಕ್ಷೆ, ಅದೇ ಬಂದೂಕು ಸಾವಿರಾರು ಚಾನೆಲ್‌ಗಳಲ್ಲಿ ಇದೆ. ದೃಶ್ಯ ಎಲ್ಲರದ್ದೂ ಒಂದೇ ಆದಾಗ ವ್ಯತ್ಯಾಸ ತೋರಿಸಲು ಉಳಿಯುವುದು ಮಾತು.

ಬಿಜಿಎಂಐ ಪಂದ್ಯದ ಕೊನೆಯ ವೃತ್ತ ನೆನಪಿಸಿಕೊಳ್ಳಿ. ಹೆಚ್ಚಿನ ಚಾನೆಲ್‌ಗಳಲ್ಲಿ ಕೇಳುವುದು 'ಬಂದ ಬಂದ, ಹೊಡಿ ಹೊಡಿ, ಅಯ್ಯೋ' ಎಂಬ ಕೂಗು. ಪರದೆಯಲ್ಲಿ ಕಾಣುವುದನ್ನೇ ಅದು ಮತ್ತೆ ಹೇಳುತ್ತದೆ. ನಮ್ಮ ಯುವಕ ಅದೇ ಜಾಗದಲ್ಲಿ ತನ್ನ ಊರಿನ ಮಾತಿನಲ್ಲಿ ಹೀಗೆ ಹೇಳಿದರೆ? 'ಈಗ ಮನಿ ಒಳಗ ಹೋಗಂಗಿಲ್ಲ. ಎಡಕ್ಕ ಇಬ್ಬರು ಕುಂತಾರ, ಬಲಕ್ಕ ಒಬ್ಬ. ಅವರವರೇ ಬಡಿದಾಡಲಿ, ನಾ ಇಲ್ಲೇ ಕೂಡ್ತೀನಿ.' ಇಲ್ಲಿ ಕೇಳುಗನಿಗೆ ಕಾಣದ ಒಂದು ವಿಷಯ ಸಿಕ್ಕಿತು: ಆಟಗಾರ ಯಾಕೆ ಸುಮ್ಮನಿದ್ದಾನೆ ಎಂಬುದು. ಲೆಕ್ಕ ಸರಿಯಾಗುತ್ತದೋ ಇಲ್ಲವೋ ಎಂದು ನೋಡಲು ಅವನು ಕೊನೆವರೆಗೂ ಇರುತ್ತಾನೆ. ಲೆಕ್ಕ ತಪ್ಪಿ ಸೋತರೂ ನಷ್ಟವಿಲ್ಲ, ಎಲ್ಲಿ ತಪ್ಪಿತು ಎಂಬುದೇ ಮುಂದಿನ ಮಾತಾಗುತ್ತದೆ.

ಭಾಷೆಯ ಆಯ್ಕೆಯೂ ಇಲ್ಲಿ ಕೆಲಸ ಮಾಡುತ್ತದೆ. ಹೈದರಾಬಾದಿನಲ್ಲಿ ಕೂತು ಹಿಂದಿಯಲ್ಲೋ ತೆಲುಗಿನಲ್ಲೋ ಮಾತಾಡಿದರೆ ವೀಕ್ಷಕರ ಸಂಖ್ಯೆ ದೊಡ್ಡದು, ಸ್ಪರ್ಧೆಯೂ ಅಷ್ಟೇ ದೊಡ್ಡದು. ನಡುವೆ ದಖನಿ ಪದಗಳು ನುಸುಳುವ ಕಲಬುರಗಿ, ಬೀದರ್ ಕಡೆಯ ಕನ್ನಡಕ್ಕೆ ವೀಕ್ಷಕರು ಕಡಿಮೆ ಇರಬಹುದು, ಆದರೆ 'ಇಂವ ನಮ್ಮಂವ' ಎಂದು ಮತ್ತೆ ಬರುವವರು ಅವರೇ. ಪ್ರತಿದಿನ ಲೈವ್‌ಗೆ ಬರುವ ಐವತ್ತು ಜನ, ಒಮ್ಮೆ ಬಂದು ಹೋಗುವ ಐದು ಸಾವಿರ ಜನರಿಗಿಂತ ಸಣ್ಣ ಚಾನೆಲ್‌ಗೆ ಹೆಚ್ಚು ಉಪಯೋಗ.

ಗೇಮ್ ಆಯ್ಕೆಯಲ್ಲೂ ಒಂದು ದಾರಿ ಇದೆ. ಭಾರತದ ಗೇಮ್ ತಯಾರಕರ ಸಮಾವೇಶ ಐಜಿಡಿಸಿ 2022, 2023 ಮತ್ತು 2024ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲೇ ನಡೆಯಿತು. ಅಲ್ಲಿಗೆ ಬರುವ ಸಣ್ಣ ತಂಡಗಳಿಗೆ ಪ್ರಚಾರ ಬೇಕಿರುತ್ತದೆ. ಅಂಥ ತಂಡಕ್ಕೆ ಇಮೇಲ್ ಬರೆದು, ಎಷ್ಟು ಭಾಗ ತೋರಿಸಬಹುದು, ಜಾಹೀರಾತು ಹಣ ಪಡೆಯಬಹುದೇ, ಸಂಗೀತ ಅವರದ್ದೇನಾ ಎಂಬ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಇಟ್ಟುಕೊಂಡರೆ ಹಕ್ಕಿನ ಗೊಂದಲ ಇರುವುದಿಲ್ಲ. ಆ ಗೇಮ್‌ನ ಕನ್ನಡ ವಿಡಿಯೋ ಹುಡುಕಿದವರಿಗೆ ಮೊದಲು ಸಿಗುವುದೂ ನೀವೇ.

ಕಾಮೆಂಟರಿ ಸರಿಯಿದೆಯೇ? ಹೀಗೆ ತಿಳಿಯಿರಿ

ನಿಮ್ಮದೇ ಹಳೆಯ ವಿಡಿಯೋದ ಹತ್ತು ನಿಮಿಷವನ್ನು ಪರದೆ ನೋಡದೆ ಕಿವಿಯಲ್ಲಿ ಮಾತ್ರ ಕೇಳಿ. ಆಟದಲ್ಲಿ ಏನಾಗುತ್ತಿದೆ, ಯಾಕಾಗುತ್ತಿದೆ ಎಂದು ಅರ್ಥವಾದರೆ ಕಾಮೆಂಟರಿ ಕೆಲಸ ಮಾಡುತ್ತಿದೆ. ಬರೀ ಗುಂಡಿನ ಸದ್ದು ಮತ್ತು ಕೂಗು ಕೇಳಿದರೆ, ಆ ವಿಡಿಯೋದಲ್ಲಿ ನಿಮ್ಮದು ಅಂತ ಏನೂ ಇಲ್ಲ.

ನಂತರ ಯೂಟ್ಯೂಬ್ ಸ್ಟುಡಿಯೋದಲ್ಲಿ ಜನ ಎಲ್ಲಿವರೆಗೆ ನೋಡಿದ್ದಾರೆ ಎಂಬ ಗ್ರಾಫ್ ತೆರೆಯಿರಿ. ಗೆರೆ ಕುಸಿದ ಜಾಗಗಳನ್ನು ಗುರುತು ಮಾಡಿಕೊಂಡು ಅಲ್ಲಿ ಏನು ಮಾತಾಡಿದ್ದೀರಿ ಎಂದು ಕೇಳಿ. ಪಂದ್ಯ ಶುರುವಾಗಲು ಕಾಯುವ ಹೊತ್ತು, ಹೊಸಬರ ಹೆಸರು ಒಂದೊಂದಾಗಿ ಓದುವ ಹೊತ್ತು, ಸುಮ್ಮನೆ ಓಡುವ ಹೊತ್ತಿನಲ್ಲಿ ಜನ ಎದ್ದು ಹೋಗುವುದು ಕಾಣಿಸಬಹುದು. ಮುಂದಿನ ಲೈವ್‌ನಲ್ಲಿ ಆ ಜಾಗಕ್ಕೆ ಏನು ಹೇಳಬೇಕೆಂದು ಮೂರು ಸಾಲು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತು, ಗ್ರಾಫ್ ಬದಲಾಯಿತೇ ಎಂದು ಮತ್ತೆ ನೋಡಿ.