ಐದು ಕೋಲು, ಏಳು ಕೋಲು: ಜಗಳವಿದೆ, ಗೆದ್ದವರಿಲ್ಲ

ಒಬ್ಬನ ಮನಸ್ಸಿಗಾಗಿ ಇಬ್ಬರು ಪೈಪೋಟಿಗೆ ಬಿದ್ದಿದ್ದಾರೆ. ಅವರಲ್ಲೊಬ್ಬಳು ಟ್ಯಾರೋ ಓದುವವರ ಎದುರು ಕೂತು ಕಾರ್ಡ್ ಎತ್ತುತ್ತಾಳೆ. ಫೈವ್ ಆಫ್ ವ್ಯಾಂಡ್ಸ್ ಬಂದರೆ ‘ನಿನ್ನ ಜತೆ ಇನ್ನೂ ನಾಲ್ವರು ಅವನ ಹಿಂದೆ ಬಿದ್ದಿದ್ದಾರೆ’ ಎನ್ನುವವರಿದ್ದಾರೆ. ಸೆವೆನ್ ಆಫ್ ವ್ಯಾಂಡ್ಸ್ ಬಂತೋ, ‘ಗೆಲುವು ನಿನ್ನದೇ’ ಎಂಬ ತೀರ್ಪು. ಎರಡೂ ಮಾತು ಚಿತ್ರಗಳನ್ನು ಸರಿಯಾಗಿ ನೋಡದೆ ಆಡಿದವು.

ಇಂದು ಹೆಚ್ಚಿನವರು ಬಳಸುವ ಚಿತ್ರಗಳು 1909ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ರೈಡರ್-ವೇಟ್ ಕಟ್ಟಿನವು. ಎ. ಇ. ವೇಟ್ ಯೋಜಿಸಿದ್ದನ್ನು ಬರೆದು ಕೊಟ್ಟವಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಅದಕ್ಕೂ ಹಿಂದಿನ ಮಾರ್ಸೇ ಕಟ್ಟಿನಲ್ಲಿ ಈ ಕಾರ್ಡ್‌ಗಳ ಮೇಲೆ ಮನುಷ್ಯರೇ ಇರಲಿಲ್ಲ. ಇಸ್ಪೀಟಿನ ಎಲೆಯಲ್ಲಿ ಕಳಾವರ ಗುರುತುಗಳು ಇರುವಂತೆ, ಒಂದರ ಮೇಲೊಂದು ಹಾಯ್ದ ಕೋಲುಗಳಷ್ಟೇ. ಹಾಗಾಗಿ ಐದು ಎನ್ನುವುದು ಎಲೆಯ ಸಂಖ್ಯೆ, ಪ್ರತಿಸ್ಪರ್ಧಿಗಳ ತಲೆ ಎಣಿಕೆಯಲ್ಲ.

ಐದರ ಚಿತ್ರವನ್ನು ನಿಧಾನವಾಗಿ ನೋಡಬೇಕು. ಐವರು ಹುಡುಗರು, ಐದು ಬಣ್ಣದ ಉಡುಪು, ಎಲ್ಲರ ಕೈಯಲ್ಲೂ ಉದ್ದನೆಯ ಕೋಲು. ಕೋಲಿಗೆ ಕೋಲು ತಾಗುತ್ತಿದೆಯೇ ಹೊರತು ಯಾರ ಮೈಗೂ ಏಟು ಬಿದ್ದಿಲ್ಲ, ನೆಲಕ್ಕೆ ಉರುಳಿದವರೂ ಇಲ್ಲ. ವೇಟ್ ಇದನ್ನು ಅಣಕು ಕಾಳಗ ಎಂದೇ ವಿವರಿಸಿದ್ದಾನೆ, ಜತೆಗೆ ತುರುಸಿನ ಸ್ಪರ್ಧೆ ಎಂಬ ಅರ್ಥವನ್ನೂ ಕೊಟ್ಟಿದ್ದಾನೆ. ಪ್ರೀತಿಯ ಪ್ರಶ್ನೆಗೆ ಇದನ್ನು ಹೊಂದಿಸಿದರೆ ಸಿಗುವುದು ಸದ್ದು: ಒಬ್ಬಳು ಹಾಕಿದ ಫೋಟೋಗೆ ಇನ್ನೊಬ್ಬಳ ಉತ್ತರ, ಗೆಳೆಯರ ಗುಂಪಿನಲ್ಲಿ ಚುಚ್ಚುಮಾತು, ಯಾರು ಮೊದಲು ಮೆಸೇಜ್ ಮಾಡಿದರು ಎಂಬ ಲೆಕ್ಕ. ಇಷ್ಟೆಲ್ಲದರ ನಡುವೆ ಒಂದು ಸಂಗತಿ ಕಣ್ಣಿಗೆ ಬೀಳುವುದೇ ಇಲ್ಲ. ಯಾರಿಗಾಗಿ ಈ ಕಾದಾಟವೋ ಆ ವ್ಯಕ್ತಿ ಚಿತ್ರದಲ್ಲಿಲ್ಲ.

ಏಳರಲ್ಲೂ ಇಲ್ಲ. ಅಲ್ಲಿ ಒಬ್ಬ ಯುವಕ ಬಂಡೆಯಂಥ ದಿಬ್ಬದ ಮೇಲೆ ನಿಂತು ಕೋಲು ಅಡ್ಡ ಹಿಡಿದಿದ್ದಾನೆ. ಕೆಳಗಿನಿಂದ ಆರು ಕೋಲುಗಳು ಅವನತ್ತ ಎದ್ದಿವೆ, ಅವನ್ನು ಹಿಡಿದವರ ಮುಖ ಕಾಣುವುದಿಲ್ಲ. ‘ಗೆಲುವು’ ಎಂಬ ನಂಬಿಕೆಗೆ ಬೇರು ಇದ್ದೇ ಇದೆ: ಮೇಲೆ ನಿಂತವನಿಗೆ ಅನುಕೂಲವಿದೆ, ವೈರಿಗಳು ಅವನನ್ನು ಮುಟ್ಟಲಾರದೆ ಹೋಗಬಹುದು ಎಂದು ವೇಟ್ ಬರೆದಿದ್ದಾನೆ. ಆ ‘ಬಹುದು’ ಎಂಬುದನ್ನು ಮುಂದಿನವರು ನುಂಗಿಬಿಟ್ಟರು. ಯುವಕನ ಕಾಲಿನತ್ತಲೂ ಒಮ್ಮೆ ನೋಡಿ, ಎರಡು ಕಾಲಿನ ಪಾದರಕ್ಷೆ ಒಂದೇ ಜೋಡಿಯದಲ್ಲ. ಸ್ಮಿತ್ ಏಕೆ ಹಾಗೆ ಬರೆದಳೋ, ಅವಸರದಲ್ಲಿ ಎದ್ದು ಬಂದು ನಿಂತವನಂತೆ ಅವನು ಕಾಣುವುದಂತೂ ಹೌದು. ಗೆದ್ದು ಕುಳಿತವನ ಲಕ್ಷಣ ಇದಲ್ಲ.

ಈಗ ಮೂರು ಕಾರ್ಡ್‌ಗಳ ಒಂದು ಓದು. ಮೊದಲ ಜಾಗ ಕೇಳುವವಳದು, ಎರಡನೆಯದು ಪ್ರತಿಸ್ಪರ್ಧಿಯದು, ಮೂರನೆಯದು ಇಬ್ಬರ ನಡುವಿನ ಪರಿಸ್ಥಿತಿಯದು. ಮೂರನೆಯ ಜಾಗದಲ್ಲಿ ಐದು ಬಂದಿದೆ. ಏಳು ಮೊದಲ ಜಾಗದಲ್ಲಿದ್ದರೆ, ಕೇಳುವವಳು ತನ್ನದೆಂದುಕೊಂಡ ಸ್ಥಾನವನ್ನು ಕಾಯುತ್ತ ದಣಿದಿದ್ದಾಳೆ ಎಂದು ಓದಬಹುದು. ಅದೇ ಏಳು ಎರಡನೆಯ ಜಾಗಕ್ಕೆ ಸರಿದರೆ ಕಥೆ ತಿರುಗುತ್ತದೆ: ಮುತ್ತಿಗೆಗೆ ಸಿಕ್ಕವಳು ಪ್ರತಿಸ್ಪರ್ಧಿ, ಕೆಳಗಿನಿಂದ ಎದ್ದ ಕೋಲುಗಳಲ್ಲಿ ಒಂದು ಕೇಳುವವಳದೇ. ಈ ಮಾತನ್ನು ಬಾಯಿಬಿಟ್ಟು ಹೇಳುವ ರೀಡರ್‌ಗಳು ಕಡಿಮೆ, ಹಣ ಕೊಟ್ಟವರಿಗೆ ಅದು ರುಚಿಸದು. ಎರಡು ಓದಿನಲ್ಲೂ ಅವನ ಮನಸ್ಸಿಗೆ ಜಾಗವೇ ಇಟ್ಟಿಲ್ಲ. ಇಟ್ಟಿಲ್ಲದ ಮೇಲೆ ‘ಅವನು ನಿನ್ನನ್ನೇ ಆರಿಸುತ್ತಾನೆ’ ಎಂಬುದು ಕಾರ್ಡ್‌ನಿಂದ ಬಂದದ್ದಲ್ಲ, ಓದುವವರ ಊಹೆ.

ಐದಾದ ಮೇಲೆ ಏಳು ಬಂದರೆ ‘ಜಗಳ ಮುಗಿಯಿತು, ಜಯ ಸಿಕ್ಕಿತು’ ಎನ್ನುವ ಅಭ್ಯಾಸವೂ ಇದೆ. ಸಾಲಿನಲ್ಲಿ ಜಯದ ಕಾರ್ಡ್ ಆರು: ಕುದುರೆಯ ಮೇಲೆ ತಲೆಗೆ ಎಲೆಗಳ ಕಿರೀಟ ಧರಿಸಿ ಬರುವ ಸವಾರ. ಅದು ಮೇಜಿನ ಮೇಲೆ ಬೀಳದಿದ್ದಾಗ ಮನಸ್ಸಿನಲ್ಲೇ ಸೇರಿಸಿಕೊಳ್ಳುವಂತಿಲ್ಲ.

‘ಎರಡೂ ಒಟ್ಟಿಗೆ ಬಂದವಲ್ಲ, ಇದು ಕಾಕತಾಳೀಯವೇ?’ ಎಂದು ಕೇಳುವವರಿಗೆ ಲೆಕ್ಕದಲ್ಲಿ ಉತ್ತರವಿದೆ. 78 ಕಾರ್ಡ್‌ಗಳಿಂದ ಮೂರನ್ನು ಎತ್ತಿದಾಗ ಈ ಎರಡೂ ಸೇರಿರುವ ಸಾಧ್ಯತೆ 1001ರಲ್ಲಿ ಒಂದು. ಅಪರೂಪ ನಿಜ, ಆದರೆ ಕಟ್ಟಿನ ಬೇರೆ ಯಾವ ಜೋಡಿಯನ್ನು ಹೆಸರಿಸಿದರೂ ಅಷ್ಟೇ ಅಪರೂಪ. ಬಂದ ಮೇಲೆ ಅದು ನಮ್ಮ ಕಥೆಗೇ ಹೊಂದುತ್ತದೆ ಅನ್ನಿಸುವುದಕ್ಕೂ ಕಾರಣ ಗೊತ್ತಿರುವುದೇ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ಸ್ವಭಾವ ವಿವರಣೆ ಹಂಚಿ, ಅದು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬರೆದದ್ದೆಂದು ನಂಬಿಸಿದ. ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಅವರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ‘ನೀನು ಒಬ್ಬಳೇ ಹೋರಾಡುತ್ತಿದ್ದೀಯ’ ಎಂಬ ಏಳರ ಮಾತು ಪ್ರೇಮದ ಪೈಪೋಟಿಯಲ್ಲಿರುವ ಇಬ್ಬರಿಗೂ ನಿಜವೆನ್ನಿಸುತ್ತದೆ, ಕಾರ್ಡ್ ಯಾರ ಕೈಗೇ ಬಂದಿರಲಿ.