ಎಷ್ಟು ಎಚ್‌ಪಿ ಅಂತ ಕೇಳುವ ಮೊದಲು

ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಭಾವ ಫೋನ್ ಮಾಡಿದ್ದೇ ಒಂದು ಪ್ರಶ್ನೆಯೊಂದಿಗೆ: "ಸೋಲಾರ್ ಪಂಪು ಹಾಕಿಸೋಣ ಅಂತಿದ್ದೀನಿ ಕಣಯ್ಯ. ಮೂರು ಎಚ್‌ಪಿನೋ, ಐದೋ?" ಬೋರು ಎಷ್ಟು ಆಳ ಅಂದೆ. "ಆರುನೂರು ಅಡಿ" ಅಂದರು. ನೀರು ಎಷ್ಟು ಅಡಿಯಲ್ಲಿದೆ ಅಂದರೆ ಮಾತಿಲ್ಲ.

ಪಂಪಿಗೆ ಬೋರಿನ ಆಳದ ಹಂಗಿಲ್ಲ. ಅದು ಎತ್ತಬೇಕಾದದ್ದು ನೀರಿನ ಮಟ್ಟದಿಂದ. ಆ ಮಟ್ಟವೂ ಎರಡು ಬಗೆ. ರಾತ್ರಿಯೆಲ್ಲ ಸುಮ್ಮನಿದ್ದ ಬೋರಿನಲ್ಲಿ ನೀರು ಮೇಲೇರಿ ನಿಂತಿರುತ್ತದೆ. ಪಂಪು ಓಡತೊಡಗಿದರೆ ಇಳಿಯುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಲೆಕ್ಕಕ್ಕೆ ಬೇಕಾದದ್ದು ಈ ಎರಡನೆಯದು, ಅದೂ ಏಪ್ರಿಲ್ ತಿಂಗಳದ್ದು. ಜೋಡಿ ವೈರಿನ ತುದಿ ಸುಲಿದು, ಕೊಂಚ ತೂಕ ಕಟ್ಟಿ, ಕೇಸಿಂಗ್ ಪಕ್ಕದ ಸಂದಿಯಲ್ಲಿ ಇಳಿಬಿಟ್ಟು, ಮೇಲಿನ ತುದಿಗೆ ಮಲ್ಟಿಮೀಟರ್ ಹಿಡಿದೆವು. ನೀರು ತಾಗಿದೊಡನೆ ಮುಳ್ಳು ಅಲುಗಿತು. ಬೆಳಿಗ್ಗೆ 50 ಮೀಟರ್. ಹಳೆಯ ಕರೆಂಟ್ ಮೋಟರ್ ಮೂರು ಗಂಟೆ ಓಡಿಸಿದ ಮೇಲೆ 80 ಮೀಟರ್.

ಇನ್ನು ನೀರಿನ ಬೇಡಿಕೆ. ಒಂದು ಎಕರೆಯಲ್ಲಿ 550 ಅಡಿಕೆ, ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್. ಪಕ್ಕದಲ್ಲಿ 100 ತೆಂಗು, ಮರಕ್ಕೆ 90 ಲೀಟರ್. ಎಲ್ಲ ಸೇರಿ 20 ಸಾವಿರ. ಸೋರಿಕೆಗೆ ಹತ್ತರಲ್ಲೊಂದು ಪಾಲು ಸೇರಿಸಿದರೆ 22 ಸಾವಿರ ಲೀಟರ್.

ಡ್ರಿಪ್‌ಗೆ ನೇರ ನೀರು ಕೊಡುವುದರಿಂದ ಮೇಲೆ ಬಂದ ನೀರಿಗೆ ಒತ್ತಡವೂ ಬೇಕು. ಒಂದು ಕೆಜಿ ಪ್ರೆಷರ್ ಎಂದರೆ 10 ಮೀಟರ್ ಎತ್ತಿದಂತೆ; ಒಂದೂವರೆ ಕೆಜಿಗೆ 15 ಮೀಟರ್. ತೋಟದ ಏರು 2 ಮೀಟರ್, ಪೈಪು ಮತ್ತು ಫಿಲ್ಟರಿನ ತಡೆ 3. ಒಟ್ಟು 100 ಮೀಟರ್ ಹೆಡ್. ಇಲ್ಲಿ ಎರಡು ಇಂಚಿನ ಪೈಪಿದೆ. ಹಣ ಉಳಿಸಲು ಒಂದೂಕಾಲು ಇಂಚಿನದು ಹಾಕಿದ್ದರೆ ಪೈಪಿನ ತಿಕ್ಕಾಟವೊಂದೇ 5ರಿಂದ 8 ಮೀಟರ್ ನುಂಗುತ್ತಿತ್ತು.

ಸಾವಿರ ಲೀಟರನ್ನು 100 ಮೀಟರ್ ಎತ್ತಲು 0.27 ಯೂನಿಟ್ ಶಕ್ತಿ ಬೇಕು. 22 ಸಾವಿರಕ್ಕೆ 6 ಯೂನಿಟ್. ಆದರೆ ಈ ಗಾತ್ರದ ಸಬ್‌ಮರ್ಸಿಬಲ್ ಪಂಪು, ಮೋಟರ್ ಸೇರಿ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ 45ರಷ್ಟನ್ನು ಮಾತ್ರ ನೀರೆತ್ತಲು ಬಳಸುತ್ತವೆ. ಅಲ್ಲಿಗೆ 13 ಯೂನಿಟ್ ದಾಟಿತು. ಪ್ಯಾನೆಲ್ ಕಾದಾಗ, ಧೂಳು ಕೂತಾಗ, ಕಂಟ್ರೋಲರಿನಲ್ಲಿ ಕಳೆಯುವುದು ಇನ್ನೂ ಕಾಲು ಭಾಗದ ಹತ್ತಿರ. ಕೊನೆಗೆ ಪ್ಯಾನೆಲ್ಲುಗಳ ಲೆಕ್ಕದಲ್ಲಿ 17 ಯೂನಿಟ್.

ಬಿಸಿಲು ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಇದ್ದರೂ ಹನ್ನೆರಡು ಗಂಟೆ ಅಂತ ಹಿಡಿಯುವಂತಿಲ್ಲ. ಇಡೀ ದಿನದ ಎಳೆ ಬಿಸಿಲು, ಇಳಿ ಬಿಸಿಲುಗಳನ್ನೆಲ್ಲ ಒಟ್ಟುಗೂಡಿಸಿ ನೆತ್ತಿ ಸುಡುವ ಬಿಸಿಲಿಗೆ ಸಮ ಮಾಡಿದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಐದೂವರೆ ಗಂಟೆ ಎಂದು ಹಿಡಿಯಬಹುದು. 17ನ್ನು 5.5ರಿಂದ ಭಾಗಿಸಿದರೆ 3.1 ಕಿಲೋವ್ಯಾಟ್. 540 ವ್ಯಾಟಿನ ಆರು ಪ್ಯಾನೆಲ್ ಹೇಗೋ ಸರಿಹೋಗುತ್ತದೆ. ನಾನಾದರೆ ಏಳು ಹಾಕಿಸುತ್ತೇನೆ, ಕಂಟ್ರೋಲರಿನ ವೋಲ್ಟೇಜ್ ಮಿತಿ ಒಪ್ಪಿದರೆ. ಪಂಪು ಮೂರು ಎಚ್‌ಪಿ ಸಾಕು.

"ಐದೇ ಹಾಕಿದರೆ ಜಾಸ್ತಿ ಬರಲ್ವಾ?" ಅಂದರು ಭಾವ. ಬೋರು ಕೊಟ್ಟರೆ ತಾನೆ! ಕೊರೆದಾಗ ಎರಡೂವರೆ ಇಂಚು ನೀರು ಎಂದು ಅಳೆದಿದ್ದರು. ತಗಡಿನ ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ಅದು. ಕಚ್ಚಿನ ಕೋನ 90 ಡಿಗ್ರಿ ಇದ್ದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸಾವಿರವಲ್ಲ, 2,900. ಎರಡೂವರೆಗೆ 5,000. ಎತ್ತರದ ಜತೆ ಕಚ್ಚಿನ ಅಗಲವೂ ಹಿಗ್ಗುವುದರಿಂದ ಹೀಗೆ. ಅರ್ಧ ಇಂಚಿನ ಜಗಳ ಅಂತ ನಗುವಂತಿಲ್ಲ! ನಮ್ಮ ಪಂಪು ನಡುಹಗಲಲ್ಲಿ ಗಂಟೆಗೆ 4,800 ಲೀಟರಿನವರೆಗೆ ಎಳೆಯುತ್ತದೆ, ಬೋರಿನ ಕೊಡುಗೆಯ ಅಂಚಿಗೆ ಬಂತು. ಐದು ಎಚ್‌ಪಿ ಹಾಕಿದ್ದರೆ ಮಧ್ಯಾಹ್ನ ಬೋರು ಬರಿದಾಗಿ ಪಂಪು ಒಣಗಿ ಓಡುತ್ತಿತ್ತು. ಮೂರಕ್ಕೂ ಡ್ರೈ ರನ್ ತಡೆಯುವ ಸೆನ್ಸರ್ ಬೇಕೇ ಬೇಕು.

ಭಾವ 50 ಮೀಟರನ್ನೇ ನಂಬಿ 70 ಮೀಟರ್ ಹೆಡ್ಡಿನ ಪಂಪು ತಂದಿದ್ದರೆ? ಪಂಪಿನ ವೇಗ ಅರ್ಧಕ್ಕಿಳಿದರೆ ಅದು ನೀರೆತ್ತಬಲ್ಲ ಎತ್ತರ ಕಾಲಿಗೆ ಇಳಿಯುತ್ತದೆ. ಎಳೆ ಬಿಸಿಲಿಗೆ ಮೋಟರ್ ತಿರುಗುತ್ತಿರುತ್ತದೆ, ಪೈಪಿನಲ್ಲಿ ಹನಿ ನೀರಿರುವುದಿಲ್ಲ. ಪಕ್ಕದ ಊರಿನ ತೋಟವೊಂದರಲ್ಲಿ ಅದನ್ನೇ ನೋಡಿದ್ದೆ: ಹನ್ನೊಂದರಿಂದ ಎರಡರವರೆಗೆ ನೀರು, ಆಮೇಲೆ ಬರೀ ಸದ್ದು. ಪ್ಯಾನೆಲ್ ಕೆಟ್ಟಿದೆ ಅಂತ ಆ ಮನುಷ್ಯ ವಾರಕ್ಕೆರಡು ಸಲ ಒರೆಸುತ್ತಿದ್ದ. ಅದೇ ನೀರು ಸುಡು ಮಧ್ಯಾಹ್ನ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಬಂದರೆ ದೂರು ಬೋರಿನದು. ಆಗ ಪ್ಯಾನೆಲ್ ಹೆಚ್ಚಿಸಬಾರದು, ಗೇಟ್ ವಾಲ್ವನ್ನು ಒಂದು ಸುತ್ತು ಬಿಗಿಮಾಡಿ ನೋಡಬೇಕು.