ಸಂಕೀರ್ಣ ಸಂಖ್ಯೆಗಳ ಭಾಗಾಕಾರ: ಗುಣಿಸಿ ತಾಳೆ ನೋಡುವ ಬಗೆ

ಭಾಗಲಬ್ಧವನ್ನು ಭಾಜಕದಿಂದ ಗುಣಿಸಿದರೆ ಭಾಜ್ಯ ಮರಳಿ ಬರಬೇಕು. ಪ್ರಾಥಮಿಕ ಶಾಲೆಯಲ್ಲಿ ಕಲಿತ ಈ ತಾಳೆ ಸಂಕೀರ್ಣ ಸಂಖ್ಯೆಗಳಿಗೂ ಹೊಂದುತ್ತದೆ. ಇಲ್ಲಿ ಶೇಷದ ಮಾತೇ ಇಲ್ಲ. ಭಾಜಕ ಸೊನ್ನೆಯಲ್ಲದಿದ್ದರೆ ಉತ್ತರ ಒಂದೇ ಒಂದು ಇರುತ್ತದೆ. ಆದ್ದರಿಂದ ಗುಣಲಬ್ಧ ಭಾಜ್ಯಕ್ಕೆ ಸಮವಾದರೆ ಉತ್ತರ ಸರಿ, ಆಗದಿದ್ದರೆ ತಪ್ಪು.

ಉದಾಹರಣೆಗೆ 7 + 4i ಯನ್ನು 3 − 2i ಯಿಂದ ಭಾಗಿಸಬೇಕಾಗಿದೆ ಎನ್ನೋಣ. i² ನ ಬೆಲೆ −1. ಛೇದದಲ್ಲಿ i ಉಳಿಯದಂತೆ ಮಾಡಲು, ಭಾಜಕದ ಕಾಲ್ಪನಿಕ ಭಾಗದ ಚಿಹ್ನೆ ಬದಲಿಸಿದಾಗ ಸಿಗುವ 3 + 2i ಯಿಂದ ಅಂಶ ಮತ್ತು ಛೇದ ಎರಡನ್ನೂ ಗುಣಿಸಲಾಗುತ್ತದೆ. ಇದಕ್ಕೆ ಸಂಯುಗ್ಮ ಸಂಖ್ಯೆ ಎಂದು ಹೆಸರು. ಛೇದ 9 + 4, ಅಂದರೆ 13 ಆಗುತ್ತದೆ. ಅಂಶ ಹೀಗೆ ಬಿಡಿಸಿಕೊಳ್ಳುತ್ತದೆ:

(7 + 4i)(3 + 2i) = 21 + 14i + 12i + 8i² = 13 + 26i

13 ರಿಂದ ಭಾಗಿಸಿದರೆ ಉತ್ತರ 1 + 2i. ಈಗ ತಾಳೆ ನೋಡಬೇಕು. ಗುಣಿಸಬೇಕಾದದ್ದು ಪ್ರಶ್ನೆಯಲ್ಲಿರುವ ಮೂಲ ಭಾಜಕದಿಂದಲೇ ಹೊರತು ಅದರ ಸಂಯುಗ್ಮದಿಂದ ಅಲ್ಲ.

(1 + 2i)(3 − 2i) = 3 − 2i + 6i − 4i² = 7 + 4i

ಭಾಜ್ಯ ಹಾಗೆಯೇ ಮರಳಿ ಬಂದಿದೆ. ಉತ್ತರ ಸರಿ.

ತಾಳೆ ತಪ್ಪಿದಾಗ ಬರುವ ಗುಣಲಬ್ಧವನ್ನು ಅಳಿಸಿಹಾಕುವ ಮುನ್ನ ಒಮ್ಮೆ ಗಮನಿಸಬೇಕು, ಏಕೆಂದರೆ ತಪ್ಪು ಎಲ್ಲಿದೆ ಎಂಬ ಸುಳಿವು ಅದರಲ್ಲಿರುತ್ತದೆ. ಛೇದವನ್ನು ಲೆಕ್ಕ ಹಾಕುವಾಗ 9 + 4 ರ ಬದಲು 9 − 4 ಎಂದು ಬರೆದರೆ ಛೇದ 5 ಆಗಿ, ಉತ್ತರ 2.6 + 5.2i ಎಂದು ಬರುತ್ತದೆ. ಅದನ್ನು 3 − 2i ಯಿಂದ ಗುಣಿಸಿದರೆ ಸಿಗುವುದು 18.2 + 10.4i. ಇದು 7 + 4i ಅಲ್ಲ. ಆದರೆ 18.2 ಎಂಬುದು 7 ರ 2.6 ಪಟ್ಟು, 10.4 ಎಂಬುದು 4 ರ 2.6 ಪಟ್ಟು. ಎರಡೂ ಭಾಗಗಳು ಒಂದೇ ಅನುಪಾತದಲ್ಲಿ ಹಿಗ್ಗಿದ್ದರೆ ಅಥವಾ ಕುಗ್ಗಿದ್ದರೆ ಮೊದಲು ಛೇದವನ್ನೇ ಪರಿಶೀಲಿಸಬೇಕು.

ಅಂಶದಲ್ಲಿ ತಪ್ಪಿದ್ದರೆ ಹೀಗಾಗುವುದು ಅಪರೂಪ. 8i² ಅನ್ನು −8 ಎನ್ನುವ ಬದಲು +8 ಎಂದು ತೆಗೆದುಕೊಂಡರೆ ಅಂಶ 29 + 26i ಆಗುತ್ತದೆ. ಅದನ್ನು 13 ರಿಂದ ಭಾಗಿಸಿ, ಮತ್ತೆ 3 − 2i ಯಿಂದ ಗುಣಿಸಿದಾಗ ಸುಮಾರು 10.69 + 1.54i ಬರುತ್ತದೆ. ವಾಸ್ತವ ಭಾಗ ಹೆಚ್ಚಾಗಿದೆ, ಕಾಲ್ಪನಿಕ ಭಾಗ ಕಡಿಮೆಯಾಗಿದೆ. ಉತ್ತರದ ವಾಸ್ತವ ಭಾಗವೊಂದೇ ಕೆಟ್ಟಿದ್ದರೂ ಗುಣಲಬ್ಧದ ಎರಡೂ ಭಾಗಗಳು ಕೆಟ್ಟಿವೆ. ಉತ್ತರದಲ್ಲಿನ ದೋಷವೂ ಭಾಜಕದಿಂದ ಗುಣಿಸಲ್ಪಡುವುದೇ ಇದಕ್ಕೆ ಕಾರಣ.

ಈ ತಾಳೆಯನ್ನೂ ಮೋಸಗೊಳಿಸುವ ಒಂದು ಸಂದರ್ಭವಿದೆ. i² ಅನ್ನು ಎಲ್ಲ ಕಡೆಯೂ +1 ಎಂದೇ ತಿಳಿದವರಿಗೆ ಅಂಶ 29 + 26i, ಛೇದ 5, ಉತ್ತರ 5.8 + 5.2i ಎಂದು ಬರುತ್ತದೆ. ತಾಳೆ ನೋಡುವಾಗಲೂ ಅದೇ ತಪ್ಪನ್ನು ಮಾಡಿದರೆ ವಾಸ್ತವ ಭಾಗ 17.4 − 10.4 = 7, ಕಾಲ್ಪನಿಕ ಭಾಗ 15.6 − 11.6 = 4. ತಪ್ಪು ಉತ್ತರ ಸರಿಯೆಂಬಂತೆ ಕಾಣುತ್ತದೆ! i² = −1 ಎಂದು ಸರಿಯಾಗಿ ಗುಣಿಸಿದರೆ ಮಾತ್ರ 27.8 + 4i ಎಂದು ಬಂದು ತಪ್ಪು ಹೊರಬೀಳುತ್ತದೆ. ಆಗಲೂ ಕಾಲ್ಪನಿಕ ಭಾಗ 4 ಸರಿಯಾಗಿಯೇ ಇದೆ, ಏಕೆಂದರೆ i² ನ ಪ್ರಭಾವ ವಾಸ್ತವ ಭಾಗದ ಮೇಲೆ ಮಾತ್ರ ಆಗುತ್ತದೆ. ಹೀಗಾಗಿ ಒಂದು ಭಾಗ ಹೊಂದಿತೆಂದು ಅಲ್ಲಿಗೇ ನಿಲ್ಲಿಸಬಾರದು. ಗುಣಾಕಾರದ ನಾಲ್ಕು ಪದಗಳನ್ನೂ ಬಿಡಿಬಿಡಿಯಾಗಿ ಬರೆದು, i² ಇರುವ ಪದಕ್ಕೆ −1 ಅನ್ನು ಕಣ್ಣಿಗೆ ಕಾಣುವಂತೆ ಹಾಕುವುದು ಸುರಕ್ಷಿತ.

ಉತ್ತರವನ್ನು ದಶಮಾಂಶದಲ್ಲಿ ಅಂದಾಜಿಸಿದಾಗ ಸಣ್ಣ ವ್ಯತ್ಯಾಸ ಸಹಜ. 1 + 2i ಯನ್ನು 3 − 2i ಯಿಂದ ಭಾಗಿಸಿದರೆ ನಿಖರವಾದ ಉತ್ತರ (−1 + 8i)/13. ಎರಡು ದಶಮಾಂಶ ಸ್ಥಾನಗಳಿಗೆ ಅದು −0.08 + 0.62i. ಮರಳಿ ಗುಣಿಸಿದರೆ 1.00 + 2.02i ಬರುತ್ತದೆ. ಉತ್ತರದ ಪ್ರತಿ ಭಾಗದಲ್ಲೂ ಹೆಚ್ಚೆಂದರೆ 0.005 ರಷ್ಟು ಅಂದಾಜಿನ ದೋಷ ಇರಬಹುದು. ಗುಣಿಸಿದಾಗ ಅದು 3 ಪಟ್ಟು ಮತ್ತು 2 ಪಟ್ಟು ಆಗಿ ಕೂಡಿಕೊಂಡರೂ 0.025 ಅನ್ನು ಮೀರದು. ಇಲ್ಲಿ ಬಂದಿರುವ 0.02 ಆ ಮಿತಿಯೊಳಗೇ ಇದೆ. ವ್ಯತ್ಯಾಸ ಮಿತಿಯನ್ನು ದಾಟಿದರೆ ಅದು ಅಂದಾಜಿನ ಫಲವಲ್ಲ, ಲೆಕ್ಕದ ತಪ್ಪು. ಈ ಅನುಮಾನವೇ ಬೇಡವೆಂದರೆ ಉತ್ತರವನ್ನು ಭಿನ್ನರಾಶಿಯಲ್ಲೇ ಇಟ್ಟುಕೊಂಡು ಗುಣಿಸಬೇಕು. ಆಗ (−1 + 8i)(3 − 2i) = 13 + 26i, ಅದನ್ನು 13 ರಿಂದ ಭಾಗಿಸಿದರೆ 1 + 2i ನಿಖರವಾಗಿ ಸಿಗುತ್ತದೆ.